‘ಶೇಂಗಾ ಹಾಕುತ್ತೀರಾ?’ ಎಂದು ಕೇಳಿದರೆ ಸಾಲದು

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಷ್ಟು ಕಾಲ ನಾನು ಬರೆದ ಕಾಗದಗಳಿಗೆ ಲೆಕ್ಕವಿಲ್ಲ. ಸಾಲದ ಕಂತು ಕಟ್ಟಿ ಎಂದು ಬರೆದದ್ದು, ಚೆಕ್ಕಿನ ಸಹಿ ಹೊಂದುತ್ತಿಲ್ಲ ಎಂದು ಬರೆದದ್ದು, ಹೆಡ್ಡಾಫೀಸಿಗೆ ವಿವರಣೆ ಕೊಟ್ಟದ್ದು, ಹೀಗೆ. ಆ ಕಾಲದಲ್ಲಿ ನಮ್ಮ ಹಿರಿಯ ಅಕೌಂಟೆಂಟ್ ಒಬ್ಬರು ಹೇಳುತ್ತಿದ್ದ ಮಾತು ಇವತ್ತಿಗೂ ನೆನಪಿದೆ: “ಪ್ರಶ್ನೆ ಸಡಿಲ ಇದ್ದರೆ ಉತ್ತರವೂ ಸಡಿಲವೇ ಬರುತ್ತದೆ. ಆಮೇಲೆ ಉತ್ತರ ಕೊಟ್ಟವನನ್ನು ಬೈದು ಪ್ರಯೋಜನವಿಲ್ಲ.” ಆ ಮಾತಿನ ಪೂರ್ತಿ ಅರ್ಥ ನನಗೆ ತಿಳಿದದ್ದು ನಿವೃತ್ತನಾಗಿ ಹದಿನಾಲ್ಕು ವರ್ಷಗಳಾದ ಮೇಲೆ, ಮೊಮ್ಮಗನ ಶಾಲೆಯ ಕ್ಯಾಂಟೀನಿಗೆ ಬರೆದ ಒಂದು ಸಣ್ಣ ಕಾಗದದಿಂದ.

ಮೊಮ್ಮಗನಿಗೆ ಈಗ ಏಳು ವರ್ಷ, ಎರಡನೇ ತರಗತಿ. ಅವನಿಗೆ ಶೇಂಗಾ ಆಗುವುದಿಲ್ಲ. ಎರಡೂವರೆ ವರ್ಷದವನಿದ್ದಾಗ ರೊಟ್ಟಿಯ ಜೊತೆ ಒಂದು ಚಿಟಿಕೆ ಶೇಂಗಾ ಚಟ್ನಿಪುಡಿ ತಿಂದಿದ್ದ. ಹತ್ತು ನಿಮಿಷದಲ್ಲಿ ಬಾಯಿ ಸುತ್ತ ಕೆಂಪಾಗಿ, ಮೈಯೆಲ್ಲ ಗಂಧೆ ಎದ್ದಿತ್ತು. ನನ್ನ ಹೆಂಡತಿ ಪಿತ್ತ ಎಂದಳು, ನಾನು ಸೊಳ್ಳೆ ಎಂದೆ. ಎರಡನೇ ಸಲ ಹಾಗೇ ಆದಾಗ ಮಗಳು ಅಲರ್ಜಿ ವೈದ್ಯರ ಬಳಿ ಕರೆದುಕೊಂಡು ಹೋದಳು. ಅವರು ತೋಳಿನ ಮೇಲೆ ಒಂದೊಂದೇ ಹನಿ ಇಟ್ಟು, ಸಣ್ಣಗೆ ಚುಚ್ಚಿ ಪರೀಕ್ಷೆ ಮಾಡಿ, ಇದು ಶೇಂಗಾ ಅಲರ್ಜಿ ಎಂದು ಹೇಳಿದರು.

ಇದರಲ್ಲಿ ಒಂದು ತಮಾಷೆಯೂ ಇದೆ. ನಾನು ಕೆಲಸ ಮಾಡಿದ ಊರುಗಳಲ್ಲಿ ಚಳ್ಳಕೆರೆಯೂ ಒಂದು. ಎಣ್ಣೆ ಗಿರಣಿಗಳ ಊರು ಅದು. ಶೇಂಗಾ ಬೆಳೆಗೆ ಸಾಲ ಕೊಟ್ಟು, ಶೇಂಗಾ ಮಾರಿ ಬಂದ ಹಣವನ್ನು ಎಣಿಸಿ, ಮಧ್ಯಾಹ್ನದ ಹೊತ್ತು ಹುರಿದ ಶೇಂಗಾ ಬಾಯಿಗೆ ಹಾಕಿಕೊಳ್ಳುತ್ತಾ ಲೆಡ್ಜರ್ ಬರೆದವನು ನಾನು. ಆ ಬೀಜವೇ ನನ್ನ ಮೊಮ್ಮಗನಿಗೆ ವಿಷವಾದೀತು ಎಂದು ಯಾರಾದರೂ ಆಗ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಮೊದಲ ಕಾಗದ

ಹುಡುಗ ಒಂದನೇ ತರಗತಿಗೆ ಸೇರಿದಾಗ ಮಗಳು ಶಾಲೆಯ ಕ್ಯಾಂಟೀನಿಗೆ ಒಂದು ಕಾಗದ ಬರೆದಳು. ಇಂಗ್ಲಿಷಿನಲ್ಲಿ, ಎರಡೇ ಸಾಲು. ನನ್ನ ಮಗನಿಗೆ ನಟ್ಸ್ ಅಲರ್ಜಿ ಇದೆ, ನಿಮ್ಮ ತಿನಿಸುಗಳಲ್ಲಿ ನಟ್ಸ್ ಇರುತ್ತವೆಯೇ, ದಯವಿಟ್ಟು ತಿಳಿಸಿ ಎಂದು. ಎರಡು ದಿನದಲ್ಲಿ ಉತ್ತರವೂ ಬಂತು: ‘ನಮ್ಮ ಕ್ಯಾಂಟೀನಿನಲ್ಲಿ ನಟ್ಸ್ ಬಳಸುವುದಿಲ್ಲ.’ ಕೆಳಗೆ ಸಹಿ, ಮೊಹರು. ಮಗಳು ಅದನ್ನು ಫೈಲಿನಲ್ಲಿಟ್ಟಳು. ನಾವೆಲ್ಲ ನೆಮ್ಮದಿಯಾಗಿದ್ದೆವು. ಆದರೂ ಊಟದ ಡಬ್ಬಿ ಮನೆಯಿಂದಲೇ ಹೋಗುತ್ತಿತ್ತು. ಕ್ಯಾಂಟೀನಿನ ತಿಂಡಿ ತಿಂಗಳಿಗೊಮ್ಮೆಯೋ ಎರಡು ಸಲವೋ ಅಷ್ಟೆ.

ಕಳೆದ ವರ್ಷ ಜುಲೈ ತಿಂಗಳ ಒಂದು ಮಂಗಳವಾರ, ಬೆಳಗಿನ ಬಿಡುವಿನಲ್ಲಿ ಹುಡುಗ ಸ್ನೇಹಿತನ ಜೊತೆ ಎರಡು ಕೋಡುಬಳೆ ತಿಂದ. ತರಗತಿಗೆ ಬಂದು ಕೂತವನು ಬಾಯಿ ತುರಿಸುತ್ತದೆ ಎಂದ. ಕತ್ತಿನ ಮೇಲೆ ಗಂಧೆ ಎದ್ದವು. ಎರಡು ಸಲ ವಾಂತಿಯಾಯಿತು. ಟೀಚರಮ್ಮ ಮಗಳಿಗೆ ಫೋನ್ ಮಾಡಿದರು. ನಾವು ಶಾಲೆಯಲ್ಲಿ ಕೊಟ್ಟಿಟ್ಟಿದ್ದ ಅಲರ್ಜಿ ಸಿರಪ್ಪನ್ನು ಕುಡಿಸಿದರು. ಶಾಲೆಯವರೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ನಾನು ಆಟೋದಲ್ಲಿ ಹೋಗಿ ತಲುಪುವ ಹೊತ್ತಿಗೆ ಅವನ ದನಿ ಕಟ್ಟಿ, ಕೆಮ್ಮು ಶುರುವಾಗಿತ್ತು. ವೈದ್ಯರು ತೊಡೆಯ ಹೊರಭಾಗಕ್ಕೆ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟರು. ಕೆಲವು ನಿಮಿಷಗಳಲ್ಲಿ ಉಸಿರು ಸರಾಗವಾಯಿತು. ತೊಂದರೆ ಒಮ್ಮೆ ಇಳಿದು ಮತ್ತೆ ಮರುಕಳಿಸಬಹುದೆಂದು ಆ ರಾತ್ರಿ ಅಲ್ಲೇ ಇಟ್ಟುಕೊಂಡರು.

ವೈದ್ಯರು ಅಂದು ಹೇಳಿದ ಎರಡು ಮಾತುಗಳನ್ನು ಇಲ್ಲಿ ಬರೆಯಲೇಬೇಕು. ಒಂದು, ಗಂಧೆಯ ಜೊತೆಗೆ ವಾಂತಿ ಅಥವಾ ಕೆಮ್ಮು ಸೇರಿದರೆ ಅದು ಬರೀ ಚರ್ಮದ ತೊಂದರೆಯಲ್ಲ, ಅಜೀರ್ಣವೂ ಅಲ್ಲ. ಇಡೀ ದೇಹವೇ ತಿರುಗಿಬಿದ್ದಿದೆ ಎಂದರ್ಥ. ಎರಡು, ಸಿರಪ್ಪು ತುರಿಕೆಯನ್ನು ಕಡಿಮೆ ಮಾಡುತ್ತದೆಯೇ ಹೊರತು ಮುಚ್ಚುತ್ತಿರುವ ಗಂಟಲನ್ನು ತೆರೆಯುವುದಿಲ್ಲ. ಆ ಕೆಲಸ ಅಡ್ರಿನಲಿನ್ನಿಗೆ ಮಾತ್ರ ಸಾಧ್ಯ. ನಾವು ಸಿರಪ್ಪೇ ರಕ್ಷೆ ಎಂದು ನಂಬಿ ಕೂತಿದ್ದೆವು.

ಕ್ಯಾಂಟೀನಿನ ಒಳಗೆ

ಹುಡುಗ ಮನೆಗೆ ಬಂದ ಮೇಲೆ ಅಳಿಯನಿಗೆ ವಿಪರೀತ ಸಿಟ್ಟು. ‘ನಟ್ಸ್ ಬಳಸುವುದಿಲ್ಲ’ ಎಂದು ಮೊಹರು ಹೊಡೆದು ಕೊಟ್ಟವರ ಮೇಲೆ ದೂರು ಕೊಡೋಣ ಎಂದರು. ನಾನು, “ಮೊದಲು ನಾನೊಂದು ಸಲ ಹೋಗಿ ನೋಡಿಕೊಂಡು ಬರುತ್ತೇನೆ, ಆಮೇಲೆ ದೂರು” ಎಂದೆ. ಲೆಕ್ಕ ತಾಳೆಯಾಗದಿದ್ದಾಗ ಕ್ಯಾಷಿಯರನ್ನು ಕಳ್ಳ ಎನ್ನುವ ಮೊದಲು ವೋಚರ್ ನೋಡಬೇಕು. ಇದು ನನ್ನ ಹಳೆಯ ಅಭ್ಯಾಸ.

ಕ್ಯಾಂಟೀನ್ ನಡೆಸುವವರು ಉಡುಪಿ ಕಡೆಯ ಭಟ್ಟರು. ನನ್ನಷ್ಟೇ ವಯಸ್ಸು. ನಾನು ಯಾರು ಎಂದು ತಿಳಿದ ಕೂಡಲೇ ಎದ್ದು ನಿಂತು ಕೈ ಹಿಡಿದುಕೊಂಡರು. “ಮಗು ಹುಷಾರಿದ್ದಾನಾ ಸಾರ್? ನನಗೆ ಎರಡು ರಾತ್ರಿ ನಿದ್ದೆ ಇಲ್ಲ” ಎಂದರು.

“ಹುಷಾರಿದ್ದಾನೆ ಭಟ್ರೇ. ಒಂದು ಮಾತು ಕೇಳಬೇಕಿತ್ತು. ನೀವು ಶೇಂಗಾ ಬಳಸುತ್ತೀರಾ?”

“ಶೇಂಗಾ ಅಂದ್ರೆ ನೆಲಗಡಲೆ ಅಲ್ವಾ? ಅದು ಇಲ್ಲದೆ ಚಿತ್ರಾನ್ನ ಮಾಡುವುದು ಹೇಗೆ ಸಾರ್?”

“ಮತ್ತೆ ಕಾಗದದಲ್ಲಿ ಇಲ್ಲ ಅಂತ ಬರೆದು ಕೊಟ್ಟಿದ್ದಿರಲ್ಲ!”

ಭಟ್ಟರು ಗಾಬರಿಯಾದರು. “ಅವರು ಕೇಳಿದ್ದು ನಟ್ಸ್ ಉಂಟಾ ಅಂತ. ನಟ್ಸ್ ಅಂದ್ರೆ ಗೋಡಂಬಿ, ಬಾದಾಮಿ. ಮಕ್ಕಳ ತಿಂಡಿಗೆ ಅದೆಲ್ಲ ಹಾಕಿದ್ರೆ ನಮಗೆ ಪೂರೈಸ್ತದಾ? ಇಲ್ಲ ಅಂತ ಬರೆದೆ.”

ನನಗೆ ಉತ್ತರ ಹೊಳೆಯಲಿಲ್ಲ. ಯಾಕೆಂದರೆ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಭಟ್ಟರು ಹೇಳಿದ್ದೇ ಸರಿ. ಶೇಂಗಾ ಮರದ ಕಾಯಿಯಲ್ಲ; ತೊಗರಿ, ಕಡಲೆ, ಹೆಸರುಗಳ ಹಾಗೆ ಅದೂ ಒಂದು ದ್ವಿದಳ ಧಾನ್ಯ, ನೆಲದೊಳಗೆ ಕಾಯಿ ಬಿಡುತ್ತದೆ ಅಷ್ಟೆ. ಸಡಿಲ ಪ್ರಶ್ನೆ ಕೇಳಿದವರು ನಾವು. ಪ್ರಾಮಾಣಿಕ ಉತ್ತರ ಕೊಟ್ಟವರು ಅವರು.

ಕನ್ನಡದಲ್ಲಿ ಕೇಳಿದ್ದರೆ ಸರಿಹೋಗುತ್ತಿತ್ತೇ ಎಂದು ಯೋಚಿಸಿದೆ. ಅದೂ ಅನುಮಾನವೇ. ದಾವಣಗೆರೆ, ಧಾರವಾಡದ ಕಡೆ ಶೇಂಗಾ ಎನ್ನುತ್ತೇವೆ. ಮೈಸೂರು, ಬೆಂಗಳೂರಿನವರು ಕಡಲೆಕಾಯಿ, ಕಡಲೆಬೀಜ ಎನ್ನುತ್ತಾರೆ. ಕರಾವಳಿಯಲ್ಲಿ ನೆಲಗಡಲೆ. ಇನ್ನು ಬರೀ ‘ಕಡಲೆ’ ಎಂದರೆ ಅದು ಬೇರೆಯೇ ಧಾನ್ಯ. ಕಡಲೆಬೇಳೆ, ಕಡಲೆಹಿಟ್ಟು, ಹುರಿಗಡಲೆ ಎಲ್ಲ ಅದರ ಸಂತಾನ. ನಮ್ಮ ಹುಡುಗ ಅವನ್ನೆಲ್ಲ ಚೆನ್ನಾಗಿಯೇ ತಿನ್ನುತ್ತಾನೆ. ‘ಕಡಲೆ ಆಗುವುದಿಲ್ಲ’ ಎಂದು ಬರೆದಿದ್ದರೆ ಅವರು ಬೋಂಡಾ ನಿಲ್ಲಿಸಿ ಚಿತ್ರಾನ್ನ ಕೊಡುತ್ತಿದ್ದರೋ ಏನೋ! ಭಟ್ಟರ ಅಡುಗೆ ಸಹಾಯಕ ಉತ್ತರ ಭಾರತದ ಹುಡುಗ; ಅವನಿಗೆ ಅದು ಮೂಂಗ್‌ಫಲಿ. ಒಂದೇ ಅಡುಗೆಮನೆಯಲ್ಲಿ ಒಂದೇ ಬೀಜಕ್ಕೆ ನಾಲ್ಕು ಹೆಸರು.

ಕೋಡುಬಳೆಯಲ್ಲಿ ಶೇಂಗಾ ಎಲ್ಲಿಂದ ಬಂತು?

ಹೆಸರಿನ ಗೊಂದಲ ಬಗೆಹರಿಯಿತು. ಆದರೆ ಹುಡುಗ ತಿಂದದ್ದು ಕೋಡುಬಳೆ. ಅದಕ್ಕೆ ಏನೇನು ಹಾಕುತ್ತೀರಿ ಎಂದು ಕೇಳಿದೆ. ಅಕ್ಕಿಹಿಟ್ಟು, ಚಿರೋಟಿ ರವೆ, ಹುರಿಗಡಲೆ ಪುಡಿ, ಖಾರದ ಪುಡಿ, ಇಂಗು, ಉಪ್ಪು, ಕಾಯಿಸಿದ ಎಣ್ಣೆ. ಶೇಂಗಾ ಇಲ್ಲವೇ ಇಲ್ಲ. ಕರಿದ ಎಣ್ಣೆ ಯಾವುದು? ಸೂರ್ಯಕಾಂತಿ. ಡಬ್ಬ ತೋರಿಸಿದರು. ಅದೂ ಸರಿ.

ಆಗ ನಾನು ಆ ಮಂಗಳವಾರ ಬೆಳಗ್ಗೆ ಬಾಣಲೆ ಇಟ್ಟಾಗಿನಿಂದ ಏನೇನು ಕರಿದಿರಿ ಎಂದು ಸಾಲಾಗಿ ಹೇಳಲು ಕೇಳಿಕೊಂಡೆ. ದಿನದ ಪುಸ್ತಕ ತಿರುವಿ ಹಾಕುವ ಹಾಗೆ. ಮೊದಲು ಮಸಾಲೆ ಶೇಂಗಾ ಎಂದರು. ಕಡಲೆಹಿಟ್ಟು ಹಚ್ಚಿ ಕರಿಯುತ್ತಾರಲ್ಲ, ಅದು. ಆಮೇಲೆ ಅದೇ ಎಣ್ಣೆಯಲ್ಲಿ ಕೋಡುಬಳೆ. ನಡುವೆ ಜಾಲರಿಯಲ್ಲಿ ಎಣ್ಣೆ ಸೋಸಿದ್ದರು ಕೂಡ.

ಅಲ್ಲಿತ್ತು ಕೊಂಡಿ. ಜಾಲರಿ ಹಿಡಿಯುವುದು ಕಣ್ಣಿಗೆ ಕಾಣುವ ಚೂರನ್ನು. ಹಿಟ್ಟಿನಷ್ಟು ನುಣ್ಣಗಿನ ಶೇಂಗಾ ಪುಡಿ ಎಣ್ಣೆಯಲ್ಲೇ ತೇಲುತ್ತಾ ಉಳಿಯುತ್ತದೆ ಮತ್ತು ಮುಂದಿನ ಒಬ್ಬೆಗೆ ಅಂಟುತ್ತದೆ. ಅಷ್ಟು ಕಾದ ಎಣ್ಣೆಯಲ್ಲಿ ಎಲ್ಲ ಸುಟ್ಟುಹೋಗುವುದಿಲ್ಲವೇ ಎಂದು ಭಟ್ಟರು ಕೇಳಿದರು. ನಾನೂ ವೈದ್ಯರನ್ನು ಅದನ್ನೇ ಕೇಳಿದ್ದೆ. ಕ್ರಿಮಿಯಾಗಿದ್ದರೆ ಸಾಯುತ್ತಿತ್ತು, ಆದರೆ ತೊಂದರೆ ಕೊಡುವುದು ಕ್ರಿಮಿಯಲ್ಲ, ಶೇಂಗಾದೊಳಗಿನ ಪ್ರೋಟೀನು. ಅದು ಬಿಸಿಗೆ ಜಗ್ಗದ ಜಾತಿ. ಹುರಿದ ಶೇಂಗಾ ಹಸಿಯದಕ್ಕಿಂತ ಹೆಚ್ಚು ತೀವ್ರವಾಗುತ್ತದೆಯೇ ಹೊರತು ಸೌಮ್ಯವಾಗುವುದಿಲ್ಲ.

ಎಷ್ಟು ಸಣ್ಣ ಪ್ರಮಾಣ ಎಂಬುದನ್ನೂ ಹೇಳಬೇಕು. ಒಂದು ಶೇಂಗಾ ಬೀಜದ ತೂಕ ಅರ್ಧದಿಂದ ಒಂದು ಗ್ರಾಂ ಒಳಗೆ. ಅದರಲ್ಲಿ ಸುಮಾರು ಕಾಲು ಭಾಗ ಪ್ರೋಟೀನು, ಅಂದರೆ ಹೆಚ್ಚುಕಡಿಮೆ 200 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಘಟನೆಗಳ ತಜ್ಞರ ಸಮಿತಿ ಶೇಂಗಾಕ್ಕೆ ಸೂಚಿಸಿರುವ ಮಿತಿ 2 ಮಿಲಿಗ್ರಾಂ ಪ್ರೋಟೀನು. ಅಲರ್ಜಿ ಇರುವವರಲ್ಲಿ ನೂರಕ್ಕೆ ಸುಮಾರು 95 ಮಂದಿಗೆ ಆ ಮಟ್ಟದಲ್ಲಿ ಕಣ್ಣಿಗೆ ಕಾಣುವ ತೊಂದರೆ ಆಗುವುದಿಲ್ಲ ಎಂಬ ಲೆಕ್ಕ ಅದು. ಅಂದರೆ ಒಂದು ಬೀಜದ ನೂರನೇ ಒಂದು ಪಾಲು! ಉಳಿದ ಐದು ಮಂದಿಗೆ ಅಷ್ಟೂ ಬೇಕಿಲ್ಲ. ಚಿತ್ರಾನ್ನದಿಂದ ಶೇಂಗಾ ಆರಿಸಿ ತೆಗೆದು ಕೊಟ್ಟರೆ ಆಗುವುದಿಲ್ಲವೇ ಎಂದು ಕೇಳುವವರಿಗೆ ಇದೇ ಉತ್ತರ. ಬೀಜ ತೆಗೆಯಬಹುದು, ಅನ್ನಕ್ಕೆ ಅಂಟಿದ ಪುಡಿಯನ್ನು ತೆಗೆಯಲಾಗದು.

ಬಾಣಲೆಯ ನಂತರ ಭಟ್ಟರು ತಾವಾಗಿಯೇ ಉಳಿದ ಜಾಗಗಳನ್ನು ತೋರಿಸುತ್ತಾ ಹೋದರು. ಮಿಕ್ಸಿ ಜಾರಿನಲ್ಲಿ ಇಡ್ಲಿಗೆ ಕಾಯಿ ಚಟ್ನಿ ರುಬ್ಬುತ್ತಾರೆ. ತೆಂಗಿನಕಾಯಿ ಬೆಲೆ ಏರಿದ ದಿನ ಚಟ್ನಿ ಗಟ್ಟಿಯಾಗಲೆಂದು ಅರ್ಧ ಶೇಂಗಾ ಹಾಕುತ್ತಾರೆ. ನೋಡಲು ಎರಡೂ ಒಂದೇ ಬಿಳುಪು. ಜಾರಿನ ಬ್ಲೇಡಿನ ಕೆಳಗೆ, ರಬ್ಬರ್ ಉಂಗುರದ ಸಂದಿಯಲ್ಲಿ ಹಿಂದಿನ ದಿನದ್ದು ಉಳಿದಿರುತ್ತದೆ. ಖಾರಾ ಮಂಡಕ್ಕಿ ಕಲಸಿದ ಸೌಟಿನಲ್ಲೇ ಪಕ್ಕದ ತಟ್ಟೆಯದನ್ನೂ ಬಡಿಸುತ್ತಾರೆ. ಚಕ್ಕುಲಿ ತುಂಬುವ ಡಬ್ಬದಲ್ಲಿ ಹೋದ ವಾರ ನಿಪ್ಪಟ್ಟು ಇತ್ತು, ನಿಪ್ಪಟ್ಟಿಗೆ ಶೇಂಗಾ ತರಿ ಬೀಳುತ್ತದೆ. ಪುಳಿಯೋಗರೆ ಪುಡಿ ಅಂಗಡಿಯಿಂದ ಬಿಡಿಯಾಗಿ ಬರುತ್ತದೆ. ಅದರಲ್ಲಿ ಏನಿದೆಯೋ ಅಂಗಡಿಯವನಿಗೇ ಗೊತ್ತು.

“ಸಾರ್, ನೀವು ನಟ್ಸ್ ಅಂತ ಕೇಳದೆ ಹೀಗೆ ಬಾಣಲೆ, ಜಾರು ಅಂತ ಕೇಳಿದ್ದರೆ ನಾನು ಮೊದಲೇ ಹೇಳ್ತಿದ್ದೆ” ಎಂದರು ಭಟ್ಟರು. ಆ ರಾತ್ರಿ ಮಗಳು, ನಾನು ಕೂತು ಎರಡನೇ ಕಾಗದ ಬರೆದೆವು. ಬೇಕಾದವರು ಬಳಸಿಕೊಳ್ಳಲಿ ಎಂದು ಅದನ್ನು ಇಲ್ಲಿ ಹಾಗೆಯೇ ಕೊಡುತ್ತಿದ್ದೇನೆ.

ಎರಡನೇ ಕಾಗದ

‘ಕ್ಯಾಂಟೀನ್ ಮೇಲ್ವಿಚಾರಕರಿಗೆ ನಮಸ್ಕಾರಗಳು. ಎರಡನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗನಿಗೆ ಶೇಂಗಾ ಅಲರ್ಜಿ ಇದೆ. ಶೇಂಗಾ ಎಂದರೆ ಕಡಲೆಕಾಯಿ, ಕಡಲೆಬೀಜ, ನೆಲಗಡಲೆ, ಮೂಂಗ್‌ಫಲಿ. ಕಡಲೆಬೇಳೆ, ಕಡಲೆಹಿಟ್ಟು, ಹುರಿಗಡಲೆಯಿಂದ ಅವನಿಗೆ ತೊಂದರೆ ಇಲ್ಲ. ಕಣ್ಣಿಗೆ ಕಾಣದಷ್ಟು ಶೇಂಗಾ ಪುಡಿ ಹೊಟ್ಟೆಗೆ ಹೋದರೂ ಅವನಿಗೆ ವಾಂತಿಯಾಗಿ ಉಸಿರು ಕಟ್ಟಬಹುದು. ವೈದ್ಯರ ಪತ್ರ ಲಗತ್ತಿಸಿದ್ದೇನೆ.

ನೀವು ಮಾರುವ ಪ್ರತಿಯೊಂದು ತಿನಿಸಿಗೂ ಕೆಳಗಿನ ಪ್ರಶ್ನೆಗಳಿಗೆ ಹೌದು, ಇಲ್ಲ ಅಥವಾ ಗೊತ್ತಿಲ್ಲ ಎಂದು ಬರೆದುಕೊಡಬೇಕೆಂದು ಕೋರುತ್ತೇನೆ.

1. ಇದಕ್ಕೆ ಶೇಂಗಾವನ್ನು ಇಡಿಯಾಗಿ, ತರಿಯಾಗಿ, ಪುಡಿಯಾಗಿ ಅಥವಾ ಚಟ್ನಿಯಾಗಿ ಯಾವತ್ತಾದರೂ ಹಾಕುತ್ತೀರಾ?

2. ಇದಕ್ಕೆ ಬಳಸುವ ಎಣ್ಣೆ ಯಾವುದು? ಶೇಂಗಾ ಎಣ್ಣೆಯಾಗಿದ್ದರೆ ರಿಫೈನ್ ಮಾಡಿದ್ದೋ, ಗಾಣದ್ದೋ?

3. ಶೇಂಗಾ ಇರುವ ತಿನಿಸನ್ನು ಕರಿದ ಎಣ್ಣೆಯಲ್ಲಿ ಇದನ್ನು ಕರಿಯುತ್ತೀರಾ?

4. ಶೇಂಗಾಕ್ಕೆ ಬಳಸುವ ಮಿಕ್ಸಿ ಜಾರು, ಸೌಟು, ತಟ್ಟೆ, ಡಬ್ಬಗಳನ್ನು ಇದಕ್ಕೂ ಬಳಸುತ್ತೀರಾ?

5. ಹೊರಗಿನಿಂದ ತರುವುದಾದರೆ ಪ್ಯಾಕೆಟ್ಟಿನ ಮೇಲೆ ಶೇಂಗಾ ಬಗ್ಗೆ ಏನು ಬರೆದಿದೆ? ಬಿಡಿಯಾಗಿ ತರುತ್ತೀರಾ?

ಖಚಿತವಿಲ್ಲದ ಕಡೆ ದಯವಿಟ್ಟು ‘ಗೊತ್ತಿಲ್ಲ’ ಎಂದೇ ಬರೆಯಿರಿ. ಆ ಉತ್ತರವೂ ನಮಗೆ ಉಪಯುಕ್ತ. ಎಲ್ಲ ತಿನಿಸಿನಿಂದ ಶೇಂಗಾ ತೆಗೆಯಿರಿ ಎಂದು ನಾವು ಕೇಳುತ್ತಿಲ್ಲ. ಯಾವುದನ್ನು ಅವನಿಗೆ ಕೊಡಬಾರದು ಎಂದು ತಿಳಿಯಬೇಕಾಗಿದೆ.’

ಕಾಗದದ ಒಂದೆರಡು ಅಂಶಗಳಿಗೆ ಕಾರಣ ಹೇಳಬೇಕು. ಎರಡನೇ ಪ್ರಶ್ನೆ ನನ್ನ ಚಳ್ಳಕೆರೆ ದಿನಗಳ ಫಲ. ಬೀಜ ಅರೆದಾಗ ಪ್ರೋಟೀನಿನ ಹೆಚ್ಚು ಭಾಗ ಹಿಂಡಿಯಲ್ಲಿ ಉಳಿಯುತ್ತದೆ. ಆದರೆ ಗಾಣದಿಂದ ಇಳಿದ ಎಣ್ಣೆಯಲ್ಲಿ ಮಡ್ಡಿ ಇರುತ್ತದೆ. ಅದರೊಂದಿಗೆ ಸ್ವಲ್ಪ ಪ್ರೋಟೀನೂ ಬರುತ್ತದೆ. ಚೆನ್ನಾಗಿ ರಿಫೈನ್ ಮಾಡಿದ ಎಣ್ಣೆಯಲ್ಲಿ ಅದು ಬಹುಪಾಲು ಹೋಗಿರುತ್ತದೆ. ಈಗ ಆರೋಗ್ಯಕ್ಕೆ ಒಳ್ಳೆಯದೆಂದು ಗಾಣದ ಎಣ್ಣೆಗೆ ಬದಲಾಗುವವರು ಹೆಚ್ಚಿದ್ದಾರೆ. ಉಳಿದವರಿಗೆ ಅದು ರುಚಿಯ ವಿಷಯ, ನಮ್ಮ ಹುಡುಗನಂಥವರಿಗೆ ಅಪಾಯದ ವಿಷಯ.

ಐದನೇ ಪ್ರಶ್ನೆಗೆ ಕಾಯಿದೆಯ ಹಿನ್ನೆಲೆ ಇದೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದಂತೆ ಪ್ಯಾಕೆಟ್ ತಿನಿಸಿಗೆ ಶೇಂಗಾ ಹಾಕಿದ್ದರೆ, ಅಲರ್ಜಿಯ ಸೂಚನೆಯಾಗಿ ಅದು ‘ಇದೆ’ ಎಂದು ಬರೆಯಲೇಬೇಕು. ಹಾಕಿಲ್ಲ, ಆದರೆ ಅದೇ ಯಂತ್ರದಿಂದ ತಗುಲಿರಬಹುದು ಎಂದಾದರೆ ‘ಇರಬಹುದು’ ಎಂದು ಬೇರೆಯಾಗಿ ಬರೆಯಲು ಅವಕಾಶವಿದೆ. ಈ ಎರಡನೆಯದನ್ನು ಬರೆಯುವುದು ತಯಾರಕರ ವಿವೇಚನೆಗೆ ಬಿಟ್ಟದ್ದು. ಹಾಗಾಗಿ ‘ಇರಬಹುದು’ ಎಂಬ ಸಾಲು ಇದ್ದರೆ ಕೊಡಬೇಡಿ. ಇಲ್ಲದಿದ್ದರೆ ಅದು ಖಾತರಿ ಎಂದೂ ತಿಳಿಯಬೇಡಿ. ಕಾಂಡಿಮೆಂಟ್ಸ್ ಅಂಗಡಿಯಿಂದ ತೂಕಕ್ಕೆ ತಂದ ತಿನಿಸಿಗಂತೂ ಲೇಬಲ್ಲೇ ಇರುವುದಿಲ್ಲ.

‘ಗೊತ್ತಿಲ್ಲ’ ಎಂಬ ಉತ್ತರಕ್ಕೆ ಜಾಗ ಬಿಟ್ಟದ್ದು ಬ್ಯಾಂಕಿನ ಪಾಠ. ಎಲ್ಲಿಯದೆಂದು ತಿಳಿಯದ ಹಣ ಬಂದರೆ ಅದನ್ನು ಯಾರದೋ ಖಾತೆಗೆ ಹಾಕಿಬಿಡುವುದಿಲ್ಲ. ಸಸ್ಪೆನ್ಸ್ ಖಾತೆಯಲ್ಲಿ ಇಡುತ್ತೇವೆ. ಹೌದು, ಇಲ್ಲ ಎರಡೇ ಜಾಗ ಕೊಟ್ಟರೆ ಮನುಷ್ಯ ಒಳ್ಳೆಯ ಮನಸ್ಸಿನಿಂದಲೇ ‘ಇಲ್ಲ’ ಎಂದು ಬರೆದುಬಿಡುತ್ತಾನೆ.

ಬಂದ ಉತ್ತರ

ನಾಲ್ಕು ದಿನದ ಮೇಲೆ ಭಟ್ಟರು ಗೆರೆ ಹಾಕಿದ ಹಾಳೆಯಲ್ಲಿ ಹನ್ನೆರಡು ತಿನಿಸುಗಳ ಪಟ್ಟಿ ಕಳಿಸಿದರು. ಅದನ್ನು ನಾವು ಮೂರು ಪಾಲು ಮಾಡಿದೆವು. ಚಿತ್ರಾನ್ನ, ಮಸಾಲೆ ಶೇಂಗಾ, ನಿಪ್ಪಟ್ಟು, ಖಾರಾ ಮಂಡಕ್ಕಿ ನಾಲ್ಕರಲ್ಲಿ ಶೇಂಗಾ ಇದ್ದೇ ಇದೆ. ಕೋಡುಬಳೆ, ಚಕ್ಕುಲಿ, ಉದ್ದಿನ ವಡೆ, ಕಾಯಿ ಚಟ್ನಿ ನಾಲ್ಕಕ್ಕೆ ಎಣ್ಣೆಯಿಂದಲೋ ಜಾರಿನಿಂದಲೋ ತಗುಲಬಹುದು. ಪುಳಿಯೋಗರೆ ‘ಗೊತ್ತಿಲ್ಲ’. ಉಳಿದದ್ದು ಇಡ್ಲಿ, ಮೊಸರನ್ನ, ಬಾಳೆಹಣ್ಣು, ಮೂರೇ. ಅಂದರೆ ಮೊದಲ ಕಾಗದಕ್ಕೆ ‘ಬಳಸುವುದಿಲ್ಲ’ ಎಂದು ಬಂದಿದ್ದ ಅದೇ ಅಡುಗೆಮನೆಯಲ್ಲಿ ಒಂಬತ್ತು ತಿನಿಸುಗಳು ನಮ್ಮ ಹುಡುಗನಿಗೆ ಸಲ್ಲದವು.

ಭಟ್ಟರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಮಸಾಲೆ ಶೇಂಗಾಕ್ಕೆ ಪ್ರತ್ಯೇಕ ಸಣ್ಣ ಬಾಣಲೆ ತಂದು, ಹಿಡಿಗೆ ಕೆಂಪು ಬಣ್ಣ ಬಳಿದರು. ಆ ಎಣ್ಣೆ ದೊಡ್ಡ ಬಾಣಲೆಗೆ ಸೇರುವಂತಿಲ್ಲ. ಇಡ್ಲಿ ಚಟ್ನಿಗೆ ಕಾಯಿ, ಹುರಿಗಡಲೆ ಮಾತ್ರ, ಅದಕ್ಕೆ ಹೊಸ ಜಾರು. ಶೇಂಗಾದ ತಿನಿಸುಗಳ ಡಬ್ಬಕ್ಕೂ ಕೆಂಪು ಗುರುತು, ಅದಕ್ಕೇ ಮೀಸಲಾದ ಸೌಟು. ಬಾಣಲೆ, ಡಬ್ಬಗಳನ್ನು ಕಣ್ಣಾರೆ ನೋಡಿದ ಮೇಲೆಯೇ ನಾವು ಚಟ್ನಿ, ವಡೆಗಳನ್ನು ಕೊಡಬಹುದಾದ ಪಾಲಿಗೆ ಸೇರಿಸಿದೆವು, ಅದೂ ವೈದ್ಯರನ್ನು ಕೇಳಿ. ಕೋಡುಬಳೆಯನ್ನು ಮಾತ್ರ ಹುಡುಗನೇ ಬೇಡ ಎಂದ.

ಇಷ್ಟಾದರೂ ಕಾಗದಕ್ಕೆ ಒಂದು ಮಿತಿ ಇದೆ. ಅದು ಬರೆದ ದಿನದ ಮಟ್ಟಿಗೆ ಮಾತ್ರ ಸತ್ಯ. ಅಡುಗೆಯವರು ಬದಲಾಗುತ್ತಾರೆ, ಎಣ್ಣೆಯ ಅಂಗಡಿ ಬದಲಾಗುತ್ತದೆ. ಶಾಲೆಯ ವಾರ್ಷಿಕೋತ್ಸವದ ದಿನ ಅಡುಗೆಯೇ ಹೊರಗಿನವರದು. ಅದಕ್ಕೇ ಪ್ರತಿ ಎರಡು ತಿಂಗಳಿಗೊಮ್ಮೆ ಆ ಪಟ್ಟಿಯ ಮೇಲೆ ‘ಬದಲಾವಣೆ ಇಲ್ಲ’ ಎಂದು ಭಟ್ಟರ ಸಹಿ ಪಡೆಯುತ್ತೇವೆ. ಇನ್ನು ಮೂಟೆಯೊಳಗೆ ಏನು ಬಂದಿದೆ ಎಂಬುದು ಭಟ್ಟರಿಗೂ ಗೊತ್ತಾಗದ ವಿಷಯ. 2024ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಆಹಾರ ಸಂಸ್ಥೆ, ಶೇಂಗಾ ಅಲರ್ಜಿ ಇರುವವರು ಸಾಸಿವೆ ಇರುವ ತಿನಿಸುಗಳನ್ನೂ ದೂರವಿಡಬೇಕೆಂದು ಎಚ್ಚರಿಸಿತ್ತು. ಭಾರತದಿಂದ ಹೋದ ಸಾಸಿವೆ ಸಾಮಗ್ರಿಯಲ್ಲಿ ಶೇಂಗಾ ಬೆರೆತಿತ್ತೆಂಬುದು ಕಾರಣ. ನಮ್ಮ ಒಗ್ಗರಣೆಯ ಸಾಸಿವೆ! ‘ಲವಲೇಶವೂ ಇಲ್ಲ’ ಎಂದು ಎದೆ ತಟ್ಟಿ ಹೇಳಬಲ್ಲ ಅಡುಗೆಮನೆ ಜಗತ್ತಿನಲ್ಲಿ ಎಲ್ಲೂ ಇರಲಾರದು.

ಆದ್ದರಿಂದ ಕಾಗದದ ಜೊತೆ ಇನ್ನೊಂದು ಹಾಳೆ ಬೇಕು. ಅಪಾಯ ಬಂದರೆ ಏನು ಮಾಡಬೇಕೆಂದು ವೈದ್ಯರು ಬರೆದುಕೊಟ್ಟ ಹಾಳೆ. ನಮ್ಮದು ಟೀಚರಮ್ಮನ ಮೇಜಿನಲ್ಲಿದೆ. ಗಂಧೆಯ ಜೊತೆ ವಾಂತಿ, ಕೆಮ್ಮು, ದನಿ ಕಟ್ಟುವುದು ಕಂಡರೆ ಹುಡುಗನನ್ನು ಓಡಾಡಿಸದೆ ಮಲಗಿಸಬೇಕು. ಉಸಿರಾಟ ಕಷ್ಟವಾದರೆ ಒರಗಿಸಿ ಕೂರಿಸಬೇಕು. ಸಿರಪ್ಪಿನ ಫಲಕ್ಕಾಗಿ ಕಾಯದೆ ಅಡ್ರಿನಲಿನ್ ಕೊಡಿಸಬೇಕು, 108ಕ್ಕೆ ಕರೆ ಮಾಡಬೇಕು. ವಿದೇಶದಲ್ಲಿ ಸಿಗುವ ಪೆನ್ನಿನಂಥ ಸಿದ್ಧ ಚುಚ್ಚುಮದ್ದು ನಮ್ಮೂರ ಔಷಧಿ ಅಂಗಡಿಗಳಲ್ಲಿ ನಮಗೆ ಸಿಗಲಿಲ್ಲ. ಶಾಲೆಯ ಎದುರಿನ ಕ್ಲಿನಿಕ್ಕಿನ ವೈದ್ಯರು ಅವನ ತೂಕಕ್ಕೆ ತಕ್ಕ ಪ್ರಮಾಣವನ್ನು ಬರೆದಿಟ್ಟುಕೊಂಡು, ಮದ್ದನ್ನು ಕೈಗೆಟಕುವಂತೆ ಇಟ್ಟಿದ್ದಾರೆ. ಶಾಲೆಯಿಂದ ಅಲ್ಲಿಗೆ ಎರಡು ನಿಮಿಷದ ದಾರಿ.

ಕೊನೆಯದಾಗಿ, ಈ ಪುಟ ಓದುತ್ತಿರುವ ಮಕ್ಕಳಿಗೆ ಒಂದು ಮಾತು. ನಿಮ್ಮ ತರಗತಿಯಲ್ಲೂ ಇಂಥ ಒಬ್ಬ ಗೆಳೆಯನೋ ಗೆಳತಿಯೋ ಇರಬಹುದು. ನಿಮ್ಮ ಅಮ್ಮ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯನ್ನು ನೀವು ಸಂತೋಷವಾಗಿ ತಿನ್ನಿ, ಯಾರೂ ಬೇಡ ಎನ್ನುವುದಿಲ್ಲ. ತಿಂದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಬರೀ ನೀರಿನಿಂದಾಗಲಿ, ಬಾಟಲಿಯ ಸ್ಯಾನಿಟೈಸರಿನಿಂದಾಗಲಿ ಶೇಂಗಾದ ಅಂಶ ಪೂರ್ತಿ ಹೋಗುವುದಿಲ್ಲ, ಸೋಪಿಗೆ ಹೋಗುತ್ತದೆ. ಗೆಳೆಯ ಬೇಡ ಎಂದರೆ ‘ಒಂದು ಚೂರು ತಿಂದರೆ ಏನಾಗುತ್ತೆ’ ಎಂದು ಒತ್ತಾಯ ಮಾಡಬೇಡಿ. ಏನಾಗುತ್ತದೆ ಎಂಬುದನ್ನು ನಾನು ನೋಡಿದ್ದೇನೆ.

ಮೊನ್ನೆ ಶುಕ್ರವಾರ ಮೊಮ್ಮಗನನ್ನು ಕರೆತರಲು ಹೋಗಿದ್ದೆ. ಕ್ಯಾಂಟೀನಿನ ಕಟ್ಟೆಯ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದ. ಸಹಾಯಕ ಹುಡುಗ ಹೊಸಬ. ಚಟ್ನಿ ಬಡಿಸಲು ಬಂದ. ನಮ್ಮವನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, “ಅಣ್ಣಾ, ಇದು ಯಾವ ಜಾರಿಂದು?” ಎಂದು ಕೇಳಿದ. ಅವನು ತಬ್ಬಿಬ್ಬಾಗಿ ಒಳಗೆ ನೋಡಿದ. ಭಟ್ಟರು ಒಳಗಿನಿಂದಲೇ ಕೂಗಿದರು: “ಹೊಸ ಜಾರಿಂದೇ ಮಗಾ, ಕಾಯಿ, ಹುರಿಗಡಲೆ ಮಾತ್ರ. ತಿನ್ನು.”

ಹುಡುಗ ಕೈ ತೆಗೆದ.